ಗೂಡಿನ ದರಕ್ಕೂ ಮೊದಲು ಸೊಪ್ಪಿನ ತೂಕ: ಒಂದು ರೇಷ್ಮೆ ಬೆಳೆಯ ನಿಜವಾದ ಲೆಕ್ಕ

ಹಳಿಯಾಳ: ರೇಷ್ಮೆ ಗೂಡಿನ ದರ ಏರಿದಾಗ ಸುದ್ದಿಯಾಗುತ್ತದೆ, ಕುಸಿದಾಗಲೂ ಸುದ್ದಿಯಾಗುತ್ತದೆ. ಆದರೆ ಬೆಳೆಗಾರನ ಮನೆಗೆ ಉಳಿಯುವ ಹಣವನ್ನು ನಿರ್ಧರಿಸುವುದು ದರವೊಂದೇ ಅಲ್ಲ. ಹುಳು ತಿಂದ ಪ್ರತಿ ಕಿಲೋ ಹಿಪ್ಪುನೇರಳೆ ಸೊಪ್ಪು ಎಷ್ಟು ಗೂಡಾಗಿ ಮರಳಿತು ಎಂಬ, ಮಾರುಕಟ್ಟೆಯ ಫಲಕದಲ್ಲಿ ಎಲ್ಲಿಯೂ ಕಾಣದ ಒಂದು ಅಂಕಿ ಅದಕ್ಕಿಂತ ಮೊದಲೇ ಲಾಭ ನಷ್ಟವನ್ನು ಬಹುಪಾಲು ತೀರ್ಮಾನಿಸಿರುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಂತಹ ಪ್ರದೇಶಕ್ಕೆ ಈ ಲೆಕ್ಕ ಇನ್ನಷ್ಟು ಮುಖ್ಯ. ಇದು ಕೋಲಾರ, ಚಿಕ್ಕಬಳ್ಳಾಪುರ, ರಾಮನಗರಗಳಂತೆ ತಲೆಮಾರುಗಳಿಂದ ರೇಷ್ಮೆಯನ್ನೇ ನಂಬಿದ ಸೀಮೆಯಲ್ಲ. ಜೋಯಿಡಾದಲ್ಲಿ ದಟ್ಟ ಅರಣ್ಯ ಮತ್ತು ಭಾರೀ ಮಳೆ. ಧಾರವಾಡ, ಹಾವೇರಿ ಜಿಲ್ಲೆಗಳಿಗೆ ಹೊಂದಿಕೊಂಡ ಹಳಿಯಾಳ ಮತ್ತು ಮುಂಡಗೋಡದ ಪೂರ್ವ ಭಾಗದಲ್ಲಿ ಭತ್ತ, ಗೋವಿನಜೋಳ, ಕಬ್ಬು, ಹತ್ತಿಯ ಹೊಲಗಳಿವೆ. ಇಲ್ಲಿ ಹಿಪ್ಪುನೇರಳೆ ನೆಡುವ ರೈತ ಒಂದು ಎಕರೆ ಭತ್ತವನ್ನೋ ಗೋವಿನಜೋಳವನ್ನೋ ಬಿಟ್ಟು ಅದನ್ನು ನೆಡುತ್ತಾನೆ. ಆದ್ದರಿಂದ ಒಂದು ಬೆಳೆಗೆ ಎಷ್ಟು ಉಳಿಯಿತು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ, ಬಿಟ್ಟ ಬೆಳೆ ಒಳ್ಳೆಯದಿತ್ತೋ ಹಿಡಿದ ಬೆಳೆ ಒಳ್ಳೆಯದೋ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಒಂದು ಬೆಳೆ ಎಂದರೆ ಏನು

ರೇಷ್ಮೆಯಲ್ಲಿ ಬೆಳೆಯ ಗಾತ್ರವನ್ನು ಮೊಟ್ಟೆಯ ಲೆಕ್ಕದಲ್ಲಿ ಹೇಳುವುದು ರೂಢಿ. ‘ನೂರು ಮೊಟ್ಟೆ’ ಎಂದರೆ ನೂರು ಬಿಡಿ ಮೊಟ್ಟೆಗಳಲ್ಲ, ರೋಗರಹಿತವೆಂದು ಪರೀಕ್ಷಿಸಿದ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ ಗುಂಪು. ಇದರಿಂದ ನಲವತ್ತರಿಂದ ಐವತ್ತು ಸಾವಿರ ಹುಳುಗಳು ಹೊರಬರುತ್ತವೆ. ಈಗ ಬಹುತೇಕ ಬೆಳೆಗಾರರು ಮೊಟ್ಟೆಯನ್ನು ನೇರವಾಗಿ ತರುವುದಿಲ್ಲ. ಚಾಕಿ ಸಾಕಾಣಿಕೆ ಕೇಂದ್ರದಲ್ಲಿ ಎರಡನೇ ಜ್ವರ, ಅಂದರೆ ಎರಡನೇ ಬಾರಿ ಪೊರೆ ಕಳಚುವ ಹಂತ ದಾಟಿದ ಮರಿ ಹುಳುಗಳನ್ನೇ ಕೊಂಡು ತರುತ್ತಾರೆ.

ಅಲ್ಲಿಂದ ಮುಂದೆ ಸುಮಾರು ಹದಿನೇಳು ಹದಿನೆಂಟು ದಿನ ಹುಳು ಮನೆಯಲ್ಲಿ ಸೊಪ್ಪು ತಿನ್ನುತ್ತದೆ. ಬಳಿಕ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುತ್ತಾರೆ. ಅವು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತವೆ. ಒಳಗಿನ ಕೋಶ ಗಟ್ಟಿಯಾಗಲು ಇನ್ನೂ ಕೆಲವು ದಿನ ಬೇಕಾಗುವುದರಿಂದ ದ್ವಿತಳಿ ಗೂಡನ್ನು ಚಂದ್ರಿಕೆಗೆ ಬಿಟ್ಟ ಏಳನೇ ಅಥವಾ ಎಂಟನೇ ದಿನ ಬಿಡಿಸುತ್ತಾರೆ. ಹೀಗೆ ಚಾಕಿ ತಂದ ದಿನದಿಂದ ಮಾರಾಟದವರೆಗೆ ತಿಂಗಳಿಗಿಂತ ಕೊಂಚ ಕಡಿಮೆ ಅವಧಿ ಹಿಡಿಯುತ್ತದೆ. ನೀರಾವರಿ ಇರುವ ತೋಟದಲ್ಲಿ ವರ್ಷಕ್ಕೆ ಐದು ಬೆಳೆ ತೆಗೆಯುವುದು ಸಾಮಾನ್ಯ ಲೆಕ್ಕ.

ಈ ಅವಧಿಯ ಸೊಪ್ಪಿನ ಹಂಚಿಕೆ ಗಮನಾರ್ಹವಾಗಿದೆ. ಹುಳು ತನ್ನ ಜೀವಿತದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ರಿಂದ 85ರಷ್ಟನ್ನು ಕೊನೆಯ ಹಂತದ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ. ಅಲ್ಲಿಯವರೆಗೆ ತೋಟದಲ್ಲಿ ಸೊಪ್ಪು ಧಾರಾಳವಾಗಿ ಕಾಣುತ್ತಿರುತ್ತದೆ. ಕೊರತೆ ತಿಳಿಯುವುದು ಐದನೇ ಹಂತದ ನಾಲ್ಕನೇ ದಿನದ ಹೊತ್ತಿಗೆ. ಆಗ ಹುಳುವನ್ನು ಹಿಂದಿರುಗಿಸಲೂ ಆಗದು, ಸೊಪ್ಪನ್ನು ಬೆಳೆಸಲೂ ಆಗದು.

ಸೊಪ್ಪಿಗೂ ಬೆಲೆ ಇದೆ

ಬಹಳಷ್ಟು ರೈತರು ಬೆಳೆಯ ಖರ್ಚು ಹೇಳುವಾಗ ಚಾಕಿಯ ಹಣ, ಔಷಧಿ, ಸಾಗಣೆಯ ಬಾಡಿಗೆಗಳನ್ನು ಹೇಳುತ್ತಾರೆ. ಸೊಪ್ಪು ‘ಮನೆಯದು’ ಎಂಬ ಕಾರಣಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆ ಸೊಪ್ಪಿಗೆ ಎರಡು ತಿಂಗಳ ಹಿಂದೆಯೇ ಗೊಬ್ಬರ ಬಿದ್ದಿದೆ, ಕಳೆ ತೆಗೆದ ಆಳಿಗೆ ಕೂಲಿ ಹೋಗಿದೆ, ಕೊಳವೆಬಾವಿ ಓಡಿದೆ. ಅದೇ ನೆಲದಲ್ಲಿ ಗೋವಿನಜೋಳ ಬೆಳೆದಿದ್ದರೆ ಬರುತ್ತಿದ್ದ ಆದಾಯವೂ ಕೈಬಿಟ್ಟಿದೆ.

ಇದನ್ನು ಒಂದು ಉದಾಹರಣೆಯಿಂದ ನೋಡಬಹುದು. ಮುಂಡಗೋಡ ಅಥವಾ ಹಳಿಯಾಳದ ಬಯಲು ಭಾಗದಲ್ಲಿ ವಿ-1 ತಳಿಯ ಒಂದು ಎಕರೆ ಹಿಪ್ಪುನೇರಳೆ ತೋಟವಿದೆ ಎಂದುಕೊಳ್ಳೋಣ. ಮುಂದೆ ಬರುವ ರೂಪಾಯಿಗಳು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡವು. ಕೂಲಿ, ಗೊಬ್ಬರ ಮತ್ತು ಗೂಡಿನ ದರ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬೇರೆಯಾಗುವುದರಿಂದ ಪ್ರತಿ ಬೆಳೆಗಾರನೂ ಆ ಜಾಗದಲ್ಲಿ ತನ್ನದೇ ಅಂಕಿಗಳನ್ನು ಹಾಕಿಕೊಳ್ಳಬೇಕು.

ಒಂದು ಬೆಳೆಯ ಪಾಲಿಗೆ ಗೊಬ್ಬರಕ್ಕೆ 4,500 ರೂಪಾಯಿ, ಕಳೆ ತೆಗೆಯುವುದು ಹಾಗೂ ಗಿಡ ಕತ್ತರಿಸುವ ಕೂಲಿಗೆ 5,000 ರೂಪಾಯಿ, ನೀರು ಮತ್ತು ಪಂಪಿನ ದುರಸ್ತಿಗೆ 1,000 ರೂಪಾಯಿ ಬೀಳುತ್ತದೆ. ನಾಟಿಯ ಮೂಲ ಖರ್ಚಿನ ಪಾಲು ಮತ್ತು ನೆಲದ ಬಾಬ್ತು ಎಂದು 2,000 ರೂಪಾಯಿ ಸೇರಿಸಿದರೆ ಒಟ್ಟು 12,500 ರೂಪಾಯಿ. ಆ ಬೆಳೆಯಲ್ಲಿ ತೋಟ 2,500 ಕಿಲೋ ಸೊಪ್ಪು ಕೊಟ್ಟರೆ ಒಂದು ಕಿಲೋ ಸೊಪ್ಪಿಗೆ ಬೀಳುವ ಬೆಲೆ 5 ರೂಪಾಯಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಳೆ, ನೀರು, ನೆಲದ ಬಾಬ್ತುಗಳು ಸೊಪ್ಪು ಕಡಿಮೆ ಬಂದರೂ ಅಷ್ಟೇ, ಹೆಚ್ಚು ಬಂದರೂ ಹೆಚ್ಚುಕಡಿಮೆ ಅಷ್ಟೇ. ಚೆನ್ನಾಗಿ ಗೊಬ್ಬರ ಕೊಟ್ಟು ಅದೇ ಎಕರೆಯಲ್ಲಿ 3,750 ಕಿಲೋ ಸೊಪ್ಪು ತೆಗೆಯಲು ಖರ್ಚು 14,000 ರೂಪಾಯಿಗೆ ಏರಿದರೂ ಕಿಲೋ ಸೊಪ್ಪಿನ ಬೆಲೆ 4 ರೂಪಾಯಿಗಿಂತ ಕೆಳಗಿಳಿಯುತ್ತದೆ. ಹೀಗಾಗಿ ಅರೆಬರೆ ನೋಡಿಕೊಂಡ ತೋಟದ ಸೊಪ್ಪೇ ಎಲ್ಲಕ್ಕಿಂತ ದುಬಾರಿ ಸೊಪ್ಪು.

130 ಕಿಲೋ ಗೂಡಿನ ಲೆಕ್ಕ

ಈ ತೋಟದ ಬೆಳೆಗಾರ 200 ಮೊಟ್ಟೆಯ ದ್ವಿತಳಿ ಚಾಕಿ ತರುತ್ತಾನೆ. ನೂರು ಮೊಟ್ಟೆಗೆ ಸುಮಾರು 1,200ರಿಂದ 1,250 ಕಿಲೋ ಸೊಪ್ಪು ಬೇಕಾಗುವುದರಿಂದ ತೋಟದ 2,500 ಕಿಲೋ ಸೊಪ್ಪಿಗೂ ಈ ಸಂಖ್ಯೆಗೂ ಸರಿಹೊಂದುತ್ತದೆ. ನೂರು ಮೊಟ್ಟೆಗೆ 65 ಕಿಲೋದಂತೆ ಒಟ್ಟು 130 ಕಿಲೋ ಗೂಡು ಬರುತ್ತದೆ ಎಂದುಕೊಂಡರೆ, ಒಂದು ಕಿಲೋ ಗೂಡಿಗೆ ಹತ್ತೊಂಬತ್ತು ಕಿಲೋದಷ್ಟು ಸೊಪ್ಪು ಖರ್ಚಾದಂತೆ. ಇದು ಒಪ್ಪಬಹುದಾದ ಪ್ರಮಾಣ. ಅಂದರೆ ಕಿಲೋ ಗೂಡಿನೊಳಗೆ ಸೊಪ್ಪಿನ ಬೆಲೆಯೇ 96 ರೂಪಾಯಿ ಅಡಗಿದೆ.

ಉಳಿದ ಖರ್ಚುಗಳು ಹೀಗಿವೆ: ಚಾಕಿಗೆ 6,000 ರೂಪಾಯಿ, ಮನೆ ಮತ್ತು ಹಾಸಿಗೆಯ ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿ, ಸುಣ್ಣ, ಔಷಧಿ ಪುಡಿ ಸೇರಿ 1,500 ರೂಪಾಯಿ, ಸೊಪ್ಪು ಕೊಯ್ದು ತರುವುದು, ಮೇಯಿಸುವುದು, ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವ ದುಡಿಮೆಗೆ 24 ಆಳಿನ ಕೂಲಿ 12,000 ರೂಪಾಯಿ, ಹುಳುವಿನ ಮನೆ, ತಟ್ಟೆ ಮತ್ತು ಚಂದ್ರಿಕೆಗಳ ಸವಕಳಿ 3,000 ರೂಪಾಯಿ, ಸಾಗಣೆ ಮತ್ತು ಮಾರುಕಟ್ಟೆಯ ಖರ್ಚು 4,000 ರೂಪಾಯಿ. ಇದು 26,500 ರೂಪಾಯಿ. ಸೊಪ್ಪಿನ 12,500 ರೂಪಾಯಿ ಸೇರಿ ಬೆಳೆಯ ಪೂರ್ಣ ಖರ್ಚು 39,000 ರೂಪಾಯಿ.

130 ಕಿಲೋದಲ್ಲಿ 122 ಕಿಲೋ ಒಳ್ಳೆಯ ಗೂಡು, 8 ಕಿಲೋ ಜೋಡಿ ಗೂಡು, ಕಲೆ ಬಿದ್ದ ಗೂಡು ಮತ್ತು ತೆಳು ಗೂಡು. ಒಳ್ಳೆಯದಕ್ಕೆ ಕಿಲೋಗೆ 500 ರೂಪಾಯಿ ಸಿಕ್ಕರೆ 61,000 ರೂಪಾಯಿ, ಉಳಿದದ್ದಕ್ಕೆ 100 ರೂಪಾಯಿಯಂತೆ 800 ರೂಪಾಯಿ. ಒಟ್ಟು ಆದಾಯ 61,800 ರೂಪಾಯಿ. ಖರ್ಚು ಕಳೆದರೆ ಉಳಿಯುವುದು 22,800 ರೂಪಾಯಿ. ಮನೆಯವರೇ ದುಡಿದಿದ್ದರೆ ಕೂಲಿಯ 12,000 ರೂಪಾಯಿಯೂ ಮನೆಯಲ್ಲೇ ಉಳಿಯುತ್ತದೆ. ಆದರೆ ಅದು ಬೆಳೆಯ ಲಾಭವಲ್ಲ, ದುಡಿಮೆಯ ಕೂಲಿ.

ಈ ಬೆಳೆಯಲ್ಲಿ ಅಸಲು ಹುಟ್ಟಬೇಕಾದರೆ ಒಳ್ಳೆಯ ಗೂಡಿಗೆ ಕಿಲೋಗೆ ಕನಿಷ್ಠ 313 ರೂಪಾಯಿ ಸಿಗಬೇಕು. ಮಾರುಕಟ್ಟೆಗೆ ಹೊರಡುವ ಮುನ್ನ ಪ್ರತಿ ಬೆಳೆಗಾರನಿಗೂ ತಿಳಿದಿರಬೇಕಾದ ಅಂಕಿ ಇದು. ಪೂರ್ಣ ಖರ್ಚಿನಿಂದ ಕಳಪೆ ಗೂಡಿನ ಹಣವನ್ನು ಕಳೆದು, ಒಳ್ಳೆಯ ಗೂಡಿನ ಕಿಲೋದಿಂದ ಭಾಗಿಸಿದರೆ ಅದು ದೊರೆಯುತ್ತದೆ.

ಲಾಭವೆಂದು ಕಂಡ ನಷ್ಟ

ಅದೇ ತೋಟ, ಅದೇ 200 ಮೊಟ್ಟೆ. ಈ ಬಾರಿ ಐದನೇ ಹಂತದ ಕೊನೆಗೆ ರೋಗ ಕಾಣಿಸಿಕೊಂಡು ಒಂದಿಷ್ಟು ಹುಳು ಸತ್ತು, ಬದುಕಿದವುಗಳೂ ತೆಳುವಾದ ಗೂಡು ಕಟ್ಟಿದವು ಎಂದುಕೊಳ್ಳೋಣ. ಬಂದದ್ದು 90 ಕಿಲೋ. ಅದರಲ್ಲಿ 80 ಕಿಲೋಗೆ 380 ರೂಪಾಯಿಯಂತೆ 30,400 ರೂಪಾಯಿ, 10 ಕಿಲೋ ಕಳಪೆಗೆ 1,000 ರೂಪಾಯಿ. ಒಟ್ಟು 31,400 ರೂಪಾಯಿ.

ಬೆಳೆಗಾರ ಆ ತಿಂಗಳು ಕೈಯಿಂದ ಕೊಟ್ಟ ಹಣ ಚಾಕಿ, ಔಷಧಿ, ಸಾಗಣೆ ಸೇರಿ 11,500 ರೂಪಾಯಿ ಮಾತ್ರ. ಹಾಗಾಗಿ ಅವನ ಕಣ್ಣಿಗೆ ಸುಮಾರು 20,000 ರೂಪಾಯಿ ಉಳಿದಂತೆ ಕಾಣುತ್ತದೆ. ‘ಬೆಳೆ ಸ್ವಲ್ಪ ಕೈಕೊಟ್ಟಿತು, ಆದರೂ ಪರವಾಗಿಲ್ಲ’ ಎಂಬ ಸಮಾಧಾನವೂ ಆಗುತ್ತದೆ. ಆದರೆ ಪೂರ್ಣ ಖರ್ಚು 39,000 ರೂಪಾಯಿಯೇ ಇದೆ. ಏಕೆಂದರೆ ಕೊನೆಯ ಹಂತದಲ್ಲಿ ಸತ್ತ ಹುಳು ಅದಾಗಲೇ ಬಹುಪಾಲು ಸೊಪ್ಪು ತಿಂದಾಗಿರುತ್ತದೆ. ನಿಜವಾದ ಫಲ 7,600 ರೂಪಾಯಿ ನಷ್ಟ. ಕಿಲೋ ಗೂಡಿಗೆ ಸುಮಾರು 28 ಕಿಲೋ ಸೊಪ್ಪು ಹೋಗಿದ್ದು, ಅದರೊಳಗಿನ ಸೊಪ್ಪಿನ ಬೆಲೆ 96ರಿಂದ 139 ರೂಪಾಯಿಗೆ ಏರಿದೆ.

ಇಂತಹ ಎರಡು ಮೂರು ಬೆಳೆಗಳಾದ ಬಳಿಕ ಮುಂದಿನ ಬೆಳೆಗೆ ಗೊಬ್ಬರ ತರಲು ಹಣವಿರುವುದಿಲ್ಲ. ಗೊಬ್ಬರ ಕಡಿಮೆಯಾದರೆ ಸೊಪ್ಪು ಕಡಿಮೆ, ಸೊಪ್ಪು ಕಡಿಮೆಯಾದರೆ ಗೂಡು ಕಡಿಮೆ. ಪ್ರತಿ ಬೆಳೆಯಲ್ಲೂ ‘ಉಳಿದಿದೆ’ ಎಂದು ಕಾಣುತ್ತಿದ್ದ ಮನೆ ವರ್ಷದ ಕೊನೆಗೆ ಸಾಲದಲ್ಲಿರುವುದಕ್ಕೆ ಕಾರಣ ಇಷ್ಟೇ.

ಹೆಚ್ಚು ಮೊಟ್ಟೆ, ಅಷ್ಟೇ ಗೂಡು

ದರ ಏರಿದ ವಾರಗಳಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಒಳ್ಳೆಯ ಬೆಲೆ ಇದೆ ಎಂದು 200ರ ಬದಲು 250 ಮೊಟ್ಟೆ ಚಾಕಿ ಹೇಳಿಬಿಡುತ್ತಾರೆ. ತೋಟದ ಸೊಪ್ಪು ಮಾತ್ರ 2,500 ಕಿಲೋದಷ್ಟೇ. ಹುಳುಗಳು ಹೆಚ್ಚಿವೆ, ತಲಾ ಸಿಗುವ ಸೊಪ್ಪು ಕಡಿಮೆ, ತಟ್ಟೆಯಲ್ಲಿ ಜಾಗವೂ ಇಕ್ಕಟ್ಟು. ಹುಳು ಹಸಿದು ಹಣ್ಣಾದರೆ ಗೂಡಿನ ಪದರ ತೆಳುವಾಗುತ್ತದೆ. ಚಂದ್ರಿಕೆಯಲ್ಲಿ ಒತ್ತೊತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಕಟ್ಟುವ ಜೋಡಿ ಗೂಡು ಹೆಚ್ಚುತ್ತದೆ.

ಕೊನೆಗೆ ನೂರು ಮೊಟ್ಟೆಗೆ 52 ಕಿಲೋದಂತೆ ಬರುವುದು ಮತ್ತದೇ 130 ಕಿಲೋ. ಅದರಲ್ಲಿ 12 ಕಿಲೋ ಕಳಪೆಯಾಗಿ, ಉಳಿದ 118 ಕಿಲೋಗೆ 450 ರೂಪಾಯಿ ಸಿಕ್ಕರೆ ಆದಾಯ 54,300 ರೂಪಾಯಿ. ಹೆಚ್ಚುವರಿ ಚಾಕಿಯಿಂದ ಖರ್ಚು 40,500 ರೂಪಾಯಿ. ಉಳಿಯುವುದು 13,800 ರೂಪಾಯಿ, ಅಂದರೆ 200 ಮೊಟ್ಟೆಯ ಬೆಳೆಗಿಂತ 9,000 ರೂಪಾಯಿ ಕಡಿಮೆ.

ಹಳೆಯ ರೇಷ್ಮೆ ಸೀಮೆಯಲ್ಲಾದರೆ ಕೊನೆಯ ಎರಡು ದಿನದ ಕೊರತೆಗೆ ಪಕ್ಕದ ತೋಟದಿಂದ ಸೊಪ್ಪು ಕೊಂಡು ತರಬಹುದು. ಅಲ್ಲಿ ಸೊಪ್ಪೂ ಒಂದು ಮಾರಾಟದ ಸರಕು. ಹಿಪ್ಪುನೇರಳೆ ತೋಟಗಳು ಅಲ್ಲೊಂದು ಇಲ್ಲೊಂದು ಇರುವ ಕಡೆ ಆ ದಾರಿ ಸುಲಭವಲ್ಲ. ಸಿಕ್ಕರೂ ದೂರದಿಂದ ತಂದ ಸೊಪ್ಪು ಬಾಡಿರುತ್ತದೆ. ಆದ್ದರಿಂದ ಚಾಕಿ ಹೇಳುವ ಮುನ್ನವೇ ಸೊಪ್ಪನ್ನು ಅಂದಾಜು ಮಾಡುವುದು ಅನಿವಾರ್ಯ.

ಅದರ ವಿಧಾನ ಕಷ್ಟದ್ದಲ್ಲ. ಮೂರಡಿಗೆ ಮೂರಡಿ ಅಂತರದ ನಾಟಿಯಲ್ಲಿ ಎಕರೆಗೆ 4,840 ಗಿಡಗಳಿರುತ್ತವೆ. ಸತ್ತ ಗಿಡಗಳನ್ನು ಬಿಟ್ಟು 4,800 ಎಂದು ಹಿಡಿಯಬಹುದು. ತೋಟದ ನಾಲ್ಕು ಮೂಲೆ ಮತ್ತು ನಡುವಿನಿಂದ ಆರಿಸದೆ ಹತ್ತು ಗಿಡ ಹಿಡಿದು, ಅವುಗಳ ಸೊಪ್ಪನ್ನು ಬಿಡಿಸಿ ತೂಗಬೇಕು. ಹತ್ತು ಗಿಡಕ್ಕೆ 5.2 ಕಿಲೋ ಬಂದರೆ ಗಿಡಕ್ಕೆ 520 ಗ್ರಾಂ, ತೋಟಕ್ಕೆ ಸುಮಾರು 2,500 ಕಿಲೋ. ಇದನ್ನು 1,250ರಿಂದ ಭಾಗಿಸಿದರೆ ಎಷ್ಟು ನೂರು ಮೊಟ್ಟೆ ತರಬಹುದೆಂಬುದು ತಿಳಿಯುತ್ತದೆ. ಚಾಕಿ ಹೇಳಿದ ದಿನದಿಂದ ಹುಳು ಐದನೇ ಹಂತಕ್ಕೆ ಬರುವವರೆಗೆ ಸೊಪ್ಪು ಇನ್ನಷ್ಟು ಬೆಳೆಯುವುದು ನಿಜ. ಆದರೆ ಆ ಬೆಳವಣಿಗೆಯನ್ನು ನಂಬಿ ಮೊಟ್ಟೆ ಹೆಚ್ಚಿಸುವುದಕ್ಕಿಂತ, ಬಿಸಿಲು ಅಥವಾ ರೋಗ ಬಂದರೆ ಆಧಾರಕ್ಕಿರಲಿ ಎಂದು ಬಿಡುವುದು ಲೇಸು.

ದರವನ್ನು ನಿರ್ಧರಿಸುವುದು ನೂಲು

ಒಂದೇ ದಿನ, ಒಂದೇ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ 520 ರೂಪಾಯಿ, ಪಕ್ಕದ ಲಾಟಿಗೆ 430 ರೂಪಾಯಿ ಏಕೆ? ಗೂಡು ಕೊಳ್ಳುವ ರೀಲರ್‌ಗೆ ಬೇಕಿರುವುದು ಗೂಡಿನ ತೂಕವಲ್ಲ, ಅದರಿಂದ ಬಿಚ್ಚಬಹುದಾದ ನೂಲು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕು ಎಂಬುದನ್ನು ‘ರೆಂಡಿಟಾ’ ಎನ್ನುತ್ತಾರೆ. ಈ ಅಂಕಿ ಕಡಿಮೆಯಿದ್ದಷ್ಟೂ ಗೂಡು ಉತ್ತಮ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಅದು ಆರರಿಂದ ಆರೂವರೆಯ ಆಸುಪಾಸಿನಲ್ಲಿರುತ್ತದೆ. ಹಳದಿ ಬಣ್ಣದ ಮಿಶ್ರತಳಿ ಗೂಡಿನಲ್ಲಿ ಏಳರಿಂದ ಎಂಟರವರೆಗೆ ಹೋಗುತ್ತದೆ.

ಕಚ್ಚಾ ರೇಷ್ಮೆ ಕಿಲೋಗೆ 4,000 ರೂಪಾಯಿಗೆ ಮಾರಾಟವಾಗುತ್ತಿದೆ, ನೂಲು ತೆಗೆಯುವ ಖರ್ಚು 600 ರೂಪಾಯಿ ಎಂದು ಇಟ್ಟುಕೊಂಡರೆ ರೀಲರ್ ಗೂಡಿಗೆ ಕೊಡಬಹುದಾದ ಗರಿಷ್ಠ ಹಣ 3,400 ರೂಪಾಯಿ. ರೆಂಡಿಟಾ ಆರೂವರೆ ಇದ್ದರೆ ಕಿಲೋ ಗೂಡಿಗೆ 523 ರೂಪಾಯಿ, ಏಳೂವರೆ ಇದ್ದರೆ 453 ರೂಪಾಯಿ. ನಮ್ಮ ಉದಾಹರಣೆಯ 122 ಕಿಲೋ ಗೂಡಿನ ಮೇಲೆ ಈ ಒಂದು ಅಂಕಿಯ ವ್ಯತ್ಯಾಸ ಸುಮಾರು ಎಂಟೂವರೆ ಸಾವಿರ ರೂಪಾಯಿ. ಅನುಭವಿ ರೀಲರ್ ಗೂಡನ್ನು ಕೈಯಲ್ಲಿ ಹಿಡಿದು ಒತ್ತಿ, ಅಲುಗಾಡಿಸಿ, ಕಲೆ ನೋಡಿ ಕೆಲವೇ ನಿಮಿಷಗಳಲ್ಲಿ ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿರುತ್ತಾನೆ.

ಬೆಳೆಗಾರ ಕೂಡ ಮನೆಯಲ್ಲಿಯೇ ಇದನ್ನು ಅಂದಾಜು ಮಾಡಬಹುದು. ಗುಡ್ಡೆಯಿಂದ ಆರಿಸದೆ ಹತ್ತು ಗೂಡು ತೆಗೆದು ಸಣ್ಣ ತಕ್ಕಡಿಯಲ್ಲಿ ತೂಗಬೇಕು. ಬಳಿಕ ಕತ್ತರಿಸಿ, ಒಳಗಿನ ಕೋಶವನ್ನು ಹೊರಹಾಕಿ, ಬರಿಯ ಪದರವನ್ನು ತೂಗಬೇಕು. ಹತ್ತು ಗೂಡು 17 ಗ್ರಾಂ, ಪದರ 3.6 ಗ್ರಾಂ ಇದ್ದರೆ ಪದರದ ಪ್ರಮಾಣ ಶೇ 21. ದ್ವಿತಳಿಗೆ ಇದು ತೃಪ್ತಿಕರ. ಶೇ 18ಕ್ಕೆ ಇಳಿದಿದ್ದರೆ ಸೊಪ್ಪಿನ ಕೊರತೆಯೋ ರೋಗವೋ ಆಗಿದೆಯೆಂದು ಅರ್ಥ, ಮತ್ತು ಮಾರುಕಟ್ಟೆಯಲ್ಲಿ ಕಡಿಮೆ ದರ ಸಿಕ್ಕಾಗ ಅದಕ್ಕೆ ಕಾರಣ ಹುಡುಕುತ್ತಾ ಹೋಗಬೇಕಿಲ್ಲ.

ಮಳೆ ಮತ್ತು ತೇವ

ಪದರ ದಪ್ಪವಿದ್ದರೂ ನೂಲು ಸಲೀಸಾಗಿ ಬಿಚ್ಚದಿದ್ದರೆ ದರ ಸಿಗುವುದಿಲ್ಲ. ಕಾಳಿ ಕಣಿವೆಯ ಆಸುಪಾಸಿನ ಈ ತಾಲ್ಲೂಕುಗಳ ಮುಖ್ಯ ಸಮಸ್ಯೆ ಇದೇ. ದೊಡ್ಡ ಹುಳುವಿಗೆ ಶೇ 65ರಿಂದ 70ರಷ್ಟು ತೇವಾಂಶ, 24-25 ಡಿಗ್ರಿ ಉಷ್ಣಾಂಶ ಹಿತಕರ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜೋಯಿಡಾ, ದಾಂಡೇಲಿಗಳ ಹೊರಗಿನ ಗಾಳಿಯೇ ಇದಕ್ಕಿಂತ ಎಷ್ಟೋ ಹೆಚ್ಚು ತೇವದಿಂದ ಕೂಡಿರುತ್ತದೆ.

ತಂಪು ಮತ್ತು ತೇವ ಸೇರಿದಾಗ ಸುಣ್ಣಕಟ್ಟು ರೋಗದ ಶಿಲೀಂಧ್ರ ಹಬ್ಬುತ್ತದೆ. ಸತ್ತ ಹುಳು ಗಟ್ಟಿಯಾಗಿ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುವುದು ಅದರ ಗುರುತು. ನೀರು ತುಂಬಿದ, ಒದ್ದೆಯಾದ ಸೊಪ್ಪು ತಿಂದ ಹುಳು ಸಪ್ಪೆ ರೋಗಕ್ಕೆ ತುತ್ತಾಗಿ ಮೆತ್ತಗಾಗಿ ಸಾಯುತ್ತದೆ. ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುವುದು, ಸೊಪ್ಪಿನ ನೀರು ಆರಿಸಿ ಕೊಡುವುದು, ಸತ್ತ ಹುಳುವನ್ನು ಒಣಗಲು ಬಿಡದೆ ಆಗಾಗ ಆರಿಸಿ ಹೂಳುವುದು ಇದಕ್ಕಿರುವ ಪರಿಹಾರಗಳು.

ಅದಕ್ಕಿಂತ ಕಡಿಮೆ ಗಮನಕ್ಕೆ ಬರುವುದು ಚಂದ್ರಿಕೆಯ ದಿನಗಳ ತೇವ. ಹಣ್ಣಾದ ಹುಳು ಗೂಡು ಕಟ್ಟುವ ಮುನ್ನ ಮೈಯೊಳಗಿನ ದ್ರವವನ್ನು ಹೊರಹಾಕುತ್ತದೆ. ಎಂಬತ್ತು ಸಾವಿರಕ್ಕೂ ಹೆಚ್ಚು ಹುಳು ಒಂದೇ ಕೋಣೆಯಲ್ಲಿ ಹೀಗೆ ಮಾಡಿದಾಗ, ಹೊರಗೂ ಮಳೆಯಿದ್ದಾಗ, ಕೋಣೆಯ ಗಾಳಿ ಒದ್ದೆ ಬಟ್ಟೆಯಂತಾಗುತ್ತದೆ. ನೂಲನ್ನು ಅಂಟಿಸುವ ರೇಷ್ಮೆಯ ಗೋಂದು ಬೇಗ ಆರದೆ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟುತ್ತವೆ. ಅಂತಹ ಗೂಡು ನೋಡಲು ಚೆನ್ನಾಗಿದ್ದರೂ ನೂಲು ಬಿಚ್ಚುವಾಗ ಪದೇ ಪದೇ ತುಂಡಾಗುತ್ತದೆ. ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದು ಆ ಮೂರು ದಿನಗಳಲ್ಲಿ ಮೇಯಿಸುವಷ್ಟೇ ಮುಖ್ಯ ಕೆಲಸ. ತೆರೆದ ಕಿಟಕಿಗೆ ಬಲೆ ಇರಲೇಬೇಕು. ಇಲ್ಲವಾದರೆ ಊಜಿ ನೊಣ ಒಳಬಂದು ಹುಳುವಿನ ಮೇಲೆ ಮೊಟ್ಟೆ ಇಟ್ಟುಬಿಡುತ್ತದೆ. ಅದರ ಮರಿ ಕೊರೆದು ಹೊರಬಂದ ಗೂಡಿನಿಂದ ನೂಲು ತೆಗೆಯಲಾಗದು.

ಈ ಕಾರಣಗಳಿಂದ ಐದು ಬೆಳೆಯ ಲೆಕ್ಕ ಬಯಲು ಸೀಮೆಯದು. ಮಳೆಯ ನಡುವಿನ ಒಂದು ಬೆಳೆಯನ್ನು ಕೈಬಿಟ್ಟು ಆ ಅವಧಿಯಲ್ಲಿ ಗಿಡ ಕತ್ತರಿಸಿ, ಗೊಬ್ಬರ ಕೊಟ್ಟು ನಾಲ್ಕೇ ಬೆಳೆ ತೆಗೆಯುವುದು ಇಲ್ಲಿ ಸೋಲಲ್ಲ. ಮೇಲಿನ ಉದಾಹರಣೆಯಂತೆ, 7,600 ರೂಪಾಯಿ ನಷ್ಟದ ಬೆಳೆಯನ್ನು ಮಾಡದಿರುವುದೂ ಆದಾಯವೇ.

ಮಾರುಕಟ್ಟೆಯ ದೂರ

1959ರ ಕರ್ನಾಟಕದ ಕಾಯ್ದೆಯಡಿ ರೇಷ್ಮೆ ಗೂಡಿನ ವ್ಯಾಪಾರ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟಿದ್ದು, ಗೂಡು ಸರ್ಕಾರಿ ಮಾರುಕಟ್ಟೆಗಳಲ್ಲಿ ಹರಾಜಾಗುತ್ತದೆ. ಅವುಗಳಲ್ಲಿ ರಾಮನಗರದ್ದು ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ಅಲ್ಲಿ ಪ್ರತಿ ಲಾಟಿಗೂ ಸಂಖ್ಯೆ ಕೊಟ್ಟು ಇ-ಹರಾಜು ನಡೆಸಲಾಗುತ್ತದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ಬೆಳೆಗಾರನಿಗಿದೆ.

ಆದರೆ ಮುಂಡಗೋಡದಿಂದ ನಾನೂರು ಕಿಲೋಮೀಟರ್‌ಗೂ ಹೆಚ್ಚು ದೂರ ರಾತ್ರಿಯಿಡೀ ಪ್ರಯಾಣಿಸಿ ಬಂದವನಿಗೆ ಆ ಹಕ್ಕಿನ ಬಳಕೆ ಸುಲಭವಲ್ಲ. ಗೂಡಿನೊಳಗಿರುವುದು ಜೀವಂತ ಕೋಶ. ಅದು ಉಸಿರಾಡುತ್ತಾ ಗಂಟೆ ಗಂಟೆಗೆ ತೂಕ ಕಳೆದುಕೊಳ್ಳುತ್ತಿರುತ್ತದೆ. ಮನೆಯಲ್ಲಿ 130 ಕಿಲೋ ತೂಗಿದ್ದು ಮಾರುಕಟ್ಟೆಯಲ್ಲಿ 127 ಕಿಲೋ ಆದರೆ 500ರ ದರದಲ್ಲಿ 1,500 ರೂಪಾಯಿ ದಾರಿಯಲ್ಲೇ ಹೋದಂತೆ. ಇನ್ನೂ ಕೆಲವು ದಿನ ಕಳೆದರೆ ಚಿಟ್ಟೆ ಗೂಡು ಒಡೆದು ಹೊರಬರುತ್ತದೆ. ತೂಕ ಉಳಿಸಲೆಂದು ಐದನೇ ದಿನಕ್ಕೇ ಬಿಡಿಸಿದರೆ ಇನ್ನೊಂದು ತೊಂದರೆ. ಮೆತ್ತಗಿನ ಕೋಶ ಕುಲುಕಾಟದಲ್ಲಿ ಒಡೆದು ಒಳಗಿನಿಂದ ಕಲೆ ಬೀಳುತ್ತದೆ, ಒಂದರ ಕಲೆ ಪಕ್ಕದ ಹತ್ತಕ್ಕೆ ಹತ್ತುತ್ತದೆ. ಬಿಗಿಯಾಗಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಏರಿ ಇದು ಇನ್ನೂ ಹೆಚ್ಚುತ್ತದೆ. ಗಾಳಿಯಾಡುವ ಚೀಲದಲ್ಲಿ ಸಡಿಲವಾಗಿ ತುಂಬಿ, ತಂಪು ಹೊತ್ತಿನಲ್ಲಿ ಸಾಗಿಸುವುದೇ ದಾರಿ.

ಸಾಗಣೆಯ 4,000 ರೂಪಾಯಿಯೂ ಸಣ್ಣ ಬೆಳೆಗೆ ದೊಡ್ಡ ಹೊರೆ. 130 ಕಿಲೋಗೆ ಅದು ಕಿಲೋಗೆ ಸುಮಾರು 31 ರೂಪಾಯಿ. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಚಾಕಿ ತಂದರೆ ಗೂಡೂ ಒಂದೇ ದಿನ ಸಿದ್ಧವಾಗುತ್ತದೆ, ಒಂದೇ ವಾಹನ ಸಾಕಾಗುತ್ತದೆ. ಈ ಹೊಂದಾಣಿಕೆ ಆಗಬೇಕಾದದ್ದು ಗೂಡು ಬಿಡಿಸುವಾಗ ಅಲ್ಲ, ತಿಂಗಳ ಮೊದಲು ಚಾಕಿ ಹೇಳುವಾಗ.

ಕೈಯಲ್ಲಿಲ್ಲದ ಅಂಕಿ

ಇಷ್ಟೆಲ್ಲ ಮಾಡಿದರೂ ಮೂಲ ದರ ಬೆಳೆಗಾರನ ಕೈಯಲ್ಲಿಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರಾಜ್ಯದ ಬೆಳೆಗಾರರು ಬೀದಿಗಿಳಿದಿದ್ದರು. ಮುಂದೆ ಹಂತ ಹಂತವಾಗಿ ಬದಲಾದ ಸುಂಕವನ್ನು 2021ರ ಬಜೆಟ್‌ನಲ್ಲಿ ಶೇ 10ರಿಂದ ಶೇ 15ಕ್ಕೆ ಏರಿಸಲಾಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ನೆಲಕಚ್ಚಿದ ದ್ವಿತಳಿ ಗೂಡಿನ ದರ, 2022ರ ಆರಂಭದ ಹೊತ್ತಿಗೆ ಕಿಲೋಗೆ ಸಾವಿರ ರೂಪಾಯಿಯ ಆಸುಪಾಸಿಗೆ ಏರಿ, ಬಳಿಕ ಮತ್ತೆ ಇಳಿಯಿತು.

ಸಾವಿರ ರೂಪಾಯಿ ದರದಲ್ಲಿ 90 ಕಿಲೋದ ಕೆಟ್ಟ ಬೆಳೆಯೂ ಲಾಭವನ್ನೇ ಕೊಡುತ್ತದೆ. ಅದೇ ಅಂತಹ ದಿನಗಳ ಅಪಾಯ. ಆಗ ಸೊಪ್ಪಿನ ಲೆಕ್ಕ ಇಡುವವರಿಲ್ಲ, ಬೆಲೆ ನೋಡಿ ಹೊಸ ತೋಟ ಹಾಕುವವರೇ ಹೆಚ್ಚು. ತೋಟ ಪೂರ್ಣ ಇಳುವರಿಗೆ ಬರುವ ಹೊತ್ತಿಗೆ ದರ ಇಳಿದಿರುತ್ತದೆ. ಆಗ ಉಳಿಯುವವರು ಕಿಲೋ ಗೂಡಿಗೆ ಹತ್ತೊಂಬತ್ತು ಕಿಲೋ ಸೊಪ್ಪಿನಲ್ಲಿ ಬೆಳೆ ತೆಗೆಯಬಲ್ಲವರು. ಇಪ್ಪತ್ತೆಂಟು ಕಿಲೋ ಸೊಪ್ಪು ಹಾಕುವವರಿಗೆ ಹಿಪ್ಪುನೇರಳೆ ಕಿತ್ತು ಮತ್ತೆ ಗೋವಿನಜೋಳ ಬಿತ್ತುವುದೇ ಗತಿಯಾಗುತ್ತದೆ.

ಇದಕ್ಕೆ ಬೇಕಾದ ದಾಖಲೆ ದೊಡ್ಡದೇನಲ್ಲ. ಹುಳುವಿನ ಮನೆಯ ಬಾಗಿಲಲ್ಲಿ ಒಂದು ತೂಗುಯಂತ್ರ ಮತ್ತು ಒಂದು ನೋಟು ಪುಸ್ತಕ ಸಾಕು. ಪ್ರತಿ ಹೊರೆ ಸೊಪ್ಪು ಒಳಗೆ ಹೋಗುವಾಗ ಅದರ ತೂಕ, ಬೆಳೆಯ ಕೊನೆಗೆ ಮಾರುಕಟ್ಟೆಯ ಚೀಟಿಯಲ್ಲಿರುವ ಗೂಡಿನ ತೂಕ, ಇವೆರಡನ್ನು ಬರೆದಿಟ್ಟರೆ ವರ್ಷದ ಕೊನೆಗೆ ಯಾವ ತಿಂಗಳ ಬೆಳೆ ಮನೆಯನ್ನು ನಡೆಸಿತು, ಯಾವುದು ಸೊಪ್ಪನ್ನು ಮಾತ್ರ ತಿಂದು ಹೋಯಿತು ಎಂಬುದು ತಾನೇ ಕಾಣುತ್ತದೆ.